ಹಳೇ ಮೇಜಿನ ಹೊಟ್ಟೆ ನೋಡಿ: ಯಾವುದಕ್ಕೆ ಪಾಲಿಶ್, ಯಾವುದಕ್ಕೆ ಬಣ್ಣ, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು

ಹೋದ ವರ್ಷ ಮೇ ಕೊನೆಯಲ್ಲಿ ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆಯವರು ಬೆಂಗಳೂರಿಗೆ ಹೊರಟಿದ್ದರು. ಸಾಮಾನೆಲ್ಲ ಒಯ್ಯುವುದಿಲ್ಲ, ಬೇಕಾದರೆ ಬಂದು ನೋಡಿ ಎಂದರು. ವರಾಂಡದಲ್ಲಿ ಮೂರು ಸಾಮಾನು ಇದ್ದವು. ಕಡು ಹಸಿರು ಬಣ್ಣ ಬಳಿದ ಎರಡು ಡ್ರಾಯರ್‌ನ ಓದುವ ಮೇಜು, ಮೂರು ಸಾವಿರ ರೂಪಾಯಿ. ಬೆತ್ತ ಹರಿದ ಎರಡು ಕುರ್ಚಿ, ಜೊತೆಗೆ ಒಂದೂವರೆ ಸಾವಿರ. ಕನ್ನಡಿ ಬಾಗಿಲಿನ ಹೊಳೆಯುವ ಬಟ್ಟೆ ಬೀರು, ಮೂರೂವರೆ ಸಾವಿರ. ನನ್ನ ಕಣ್ಣು ನೇರವಾಗಿ ಬೀರುವಿಗೇ ಹೋಯಿತು. ಮೇಜು ಸರ್ಕಾರಿ ಕಚೇರಿಯ ಮೂಲೆಯಲ್ಲಿ ಬಿದ್ದಿರುವ ತರಹ ಇತ್ತು.

ಜೊತೆಗೆ ಬಂದಿದ್ದ ಆಚಾರ್ರು ಬೀರುವಿನ ಬುಡವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ಮುಂದೆ ಹೋದರು. ಮೇಜನ್ನು ಮಾತ್ರ ಮಗುಚಿ ಹಾಕಿದರು. "ಅಕ್ಕಾ, ಬಣ್ಣ ನೋಡಬೇಡ್ರಿ, ಹೊಟ್ಟೆ ನೋಡ್ರಿ" ಎಂದರು. ಆವತ್ತು ತಂದದ್ದು ಆ ಮೇಜನ್ನೇ. ಅದನ್ನು ಹೇಗೆ ನೋಡಿದೆವು, ಎಷ್ಟಕ್ಕೆ ತಂದೆವು, ಏನೇನು ಮಾಡಿದೆವು ಎಂದು ಹೇಳುತ್ತಾ ಹೋಗುತ್ತೇನೆ. ನಾನು ಎಡವಿದ್ದೂ ಮಧ್ಯೆ ಬರುತ್ತದೆ.

ಹೋಗುವಾಗ ಚೀಲದಲ್ಲಿ ಇರಲಿ

ಒಂದು ಟಾರ್ಚ್, ಅಳತೆ ಟೇಪು, ಒದ್ದೆ ಬಟ್ಟೆ, ಸ್ವಲ್ಪ ಹತ್ತಿ, ಪೇಂಟ್ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ಒಂದು ಚಿಕ್ಕ ಬಾಟಲಿ, ಬ್ಲೇಡು, ಸೆಲ್ಲೋ ಟೇಪು. ಇವೆಲ್ಲಕ್ಕಿಂತ ಮುಖ್ಯವಾಗಿ ಗೋಣಿಚೀಲ ಹೊಲಿಯುವ ದಬ್ಬಣ. ಮಂಡಿ ಇರುವ ಊರಿನಲ್ಲಿ ದಬ್ಬಣಕ್ಕೇನು ಬರವಿಲ್ಲ. ಮರದ ಒಳಗೆ ಏನಾಗಿದೆ ಎಂದು ಹೇಳುವುದರಲ್ಲಿ ಅದಕ್ಕಿಂತ ಅಗ್ಗದ ಸಾಧನ ನಾನು ಕಂಡಿಲ್ಲ.

ಸಾಮಾನು ಸಿಗುವ ಕಾಲವೂ ಇದೆ. ಮೇ, ಜೂನ್‌ನಲ್ಲಿ ವರ್ಗಾವಣೆ ಆದವರು ಮನೆ ಖಾಲಿ ಮಾಡುತ್ತಾರೆ. ಕಾಲೇಜು ಹುಡುಗರು ರೂಮು ಬಿಡುವಾಗ ಮಂಚ, ಟೇಬಲ್ಲು ಹೊರಗೆ ಬರುತ್ತವೆ. ಹಳೇ ದಾವಣಗೆರೆಯಲ್ಲೋ ಚಿತ್ರದುರ್ಗದ ಹಳೇ ಬೀದಿಗಳಲ್ಲೋ ಮನೆ ಕೆಡವಿದಾಗ ಬಾಗಿಲು, ಕಿಟಕಿಯ ಜೊತೆ ಒಳಗಿನ ಮರದ ಸಾಮಾನೂ ಬರುತ್ತದೆ. ಆಷಾಢದಲ್ಲಿ ಮನೆಗೆ ಸಾಮಾನು ತರಲು ಹಿಂದೆಮುಂದೆ ನೋಡುವವರು ಜಾಸ್ತಿ. ನಿಮಗೆ ಆ ಲೆಕ್ಕ ಇಲ್ಲದಿದ್ದರೆ ಚೌಕಾಶಿಗೆ ಅದು ಒಳ್ಳೆಯ ತಿಂಗಳು.

ಮೊದಲು ಮಗುಚಿ ಹಾಕಿ

ಮುಂಭಾಗಕ್ಕೆ ಎಲ್ಲರೂ ಬಣ್ಣ ಬಳಿಯುತ್ತಾರೆ. ಅಡಿಭಾಗಕ್ಕೆ, ಬೆನ್ನಿಗೆ, ಡ್ರಾಯರ್‌ನ ಒಳಮೈಗೆ ಯಾರೂ ಬಳಿಯುವುದಿಲ್ಲ. ಅಲ್ಲಿ ಮರ ಹೇಗಿತ್ತೋ ಹಾಗೇ ಇರುತ್ತದೆ. ಹಾಗಾಗಿ ಡ್ರಾಯರ್ ಪೂರ್ತಿ ಎಳೆದು ತೆಗೆಯಿರಿ, ಮೇಜನ್ನು ಮಗುಚಿ, ಬೀರುವನ್ನು ಗೋಡೆಯಿಂದ ಮುಂದಕ್ಕೆ ಸರಿಸಿ. ಮಾರುವವರು ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ನೋಡಬೇಕಾದ್ದು ಅಂಚು. ಮರದ ಗೆರೆಗಳು ಹಲಗೆಯ ಮೇಲಿಂದ ಹರಿದು ಅಂಚಿನಲ್ಲಿ ಕೆಳಗೂ ಇಳಿದಿದ್ದರೆ ಅದು ಗಟ್ಟಿ ಮರ. ಅಂಚಿನಲ್ಲಿ ತೆಳು ಪದರಗಳು ಒಂದರ ಮೇಲೊಂದು ಕಂಡರೆ ಪ್ಲೈವುಡ್. ಮರದ ಪುಡಿಯನ್ನು ಒತ್ತಿ ಮಾಡಿದ ಚಕ್ಕುಲಿ ಹಿಟ್ಟಿನಂತೆ ಕಂಡರೆ ಪಾರ್ಟಿಕಲ್ ಬೋರ್ಡ್. ಅಂಚಿಗೆ ಪಟ್ಟಿ ಹೊಡೆದು ಮುಚ್ಚಿದ್ದರೆ ಸ್ಕ್ರೂ ತೂತು ಅಥವಾ ಕೀಲು ಕೂತ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ, ಒಳಗಿನದು ಕಾಣುತ್ತದೆ. ಭಾರ ಇದ್ದರೆ ಒಳ್ಳೆಯ ಮರ ಎಂದುಕೊಳ್ಳಬೇಡಿ. ಪಾರ್ಟಿಕಲ್ ಬೋರ್ಡೂ ಎತ್ತಲಾರದಷ್ಟು ಭಾರ ಇರುತ್ತದೆ.

ನನ್ನ ಕಣ್ಣು ಹೋಗಿದ್ದ ಬೀರು ಇದೇ ಜಾತಿಯದ್ದು. ನೆಲ ಒರೆಸಿದ ನೀರು ಕುಡಿದು ಬುಡ ಊದಿಕೊಂಡಿತ್ತು. ಈ ಬೋರ್ಡ್ ಒಮ್ಮೆ ಊದಿದರೆ ಒಣಗಿದ ಮೇಲೂ ಹಿಂದಕ್ಕೆ ಹೋಗುವುದಿಲ್ಲ. ಊದಿದ ಜಾಗದಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಮೇಲಿನ ಹೊಳಪಿನ ಹಾಳೆಗೆ ಬಣ್ಣ ಹಿಡಿಸಲು ತುಂಬ ಉಜ್ಜಬೇಕು, ಆಮೇಲೂ ಉಗುರು ತಾಗಿದರೆ ಏಳುತ್ತದೆ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಹಳೇ ತೂತುಗಳೂ ಸಡಿಲ. ಎರಡು ವರ್ಷಕ್ಕೆ ರೂಮಿನಲ್ಲಿ ಇಟ್ಟುಕೊಳ್ಳಲು, ಬುಡ ಒಣಗಿದ್ದು ಸಿಕ್ಕಿದರೆ, ಕಡಿಮೆ ಬೆಲೆಗೆ ತರಬಹುದು. ಆದರೆ ಅದಕ್ಕೆ ರಿಪೇರಿ ಎಂದು ಹಣ ಸುರಿಯುವುದು ಸುಮ್ನೆ ದಂಡ.

ಮೇಜಿನ ಹೊಟ್ಟೆಯಲ್ಲಿ ಬೇರೆಯೇ ಕಥೆ ಇತ್ತು. ಡ್ರಾಯರ್ ಓಡಾಡುವ ಪಟ್ಟಿಯ ಕೆಳಗೆ ಆಚಾರ್ರು ಬ್ಲೇಡಿನಿಂದ ಉಗುರಿನಷ್ಟು ಜಾಗ ಕೆರೆದರು. ಹೊನ್ನಿನ ಕಂದು ಬಣ್ಣ ಬಂತು. ಮುಟ್ಟಿದರೆ ಸ್ವಲ್ಪ ಎಣ್ಣೆ ಜಿಡ್ಡು, ಮೂಗಿಗೆ ಹಿಡಿದರೆ ಚರ್ಮದಂಥ ವಾಸನೆ. ತೇಗ. ಸಾಗುವಾನಿ ಎಂದು ಹೇಳಿ ಮಾರುವವರು ಬಹಳ ಜನ, ಆದರೆ ಹೊಸದಾಗಿ ಕೆರೆದ ಜಾಗದ ಈ ವಾಸನೆಯನ್ನು ಪಾಲಿಶ್ ಹಚ್ಚಿ ತರಲು ಆಗುವುದಿಲ್ಲ. ಕೆರೆಯುವ ಮೊದಲು ಮಾರುವವರನ್ನು ಒಂದು ಮಾತು ಕೇಳಿ. ಕಾಣದ ಜಾಗ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಒಂದು ಜಾಗ ನೋಡಿ ಇಡೀ ಸಾಮಾನು ಅದೇ ಮರ ಎಂದುಕೊಳ್ಳುವುದೂ ತಪ್ಪು. ನಮ್ಮ ಮೇಜಿನ ಕಾಲು, ಚೌಕಟ್ಟು, ಡ್ರಾಯರ್‌ನ ಮುಖ ತೇಗ. ಡ್ರಾಯರ್‌ನ ಪಕ್ಕದ ಹಲಗೆಗಳು ಯಾವುದೋ ಬಿಳಿ ಮೆದು ಮರ. ಮೇಲಿನ ದೊಡ್ಡ ಹಲಗೆ ಪ್ಲೈವುಡ್, ಸುತ್ತ ಮರದ ಬೀಡಿಂಗ್. ಹಳೇ ಸಾಮಾನಿನಲ್ಲಿ ಇಂಥ ಬೆರಕೆ ಮಾಮೂಲು. ಅದು ಮೋಸವಲ್ಲ, ಆ ಕಾಲದ ಬಡಗಿಯ ಲೆಕ್ಕಾಚಾರ. ಯಾವ ಭಾಗ ಯಾವುದು ಎಂದು ಗೊತ್ತಾದರೆ ಯಾವುದಕ್ಕೆ ಪಾಲಿಶ್, ಯಾವುದಕ್ಕೆ ಬಣ್ಣ ಎನ್ನುವುದು ಅರ್ಧ ತೀರ್ಮಾನ ಆದಂತೆ.

ಗೆದ್ದಲಿಗಿಂತ ಕುಟ್ಟೆ ಹುಳಕ್ಕೆ ಹೆದರಿ

ನಾವೆಲ್ಲ ಗೆದ್ದಲು ಕಂಡರೆ ಓಡುತ್ತೇವೆ. ನನ್ನ ಪ್ರಕಾರ ಹಳೇ ಸಾಮಾನು ಕೊಳ್ಳುವಾಗ ಹೆಚ್ಚು ಹೆದರಬೇಕಾದ್ದು ಕುಟ್ಟೆ ಹುಳಕ್ಕೆ.

ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಗೆದ್ದಲಿನ ಗೂಡು ನೆಲದಲ್ಲಿ ಇರುತ್ತದೆ. ಗೋಡೆ ಹತ್ತಿ, ಮಣ್ಣಿನ ದಾರಿ ಕಟ್ಟಿಕೊಂಡು ಸಾಮಾನಿಗೆ ಬರುತ್ತದೆ. ಸಾಮಾನನ್ನು ಅಲ್ಲಿಂದ ಎತ್ತಿ ಮಣ್ಣು ಕೊಡವಿ ಬಿಸಿಲಿಗೆ ಹಾಕಿದರೆ, ಒಳಗೆ ಉಳಿದ ಹುಳಕ್ಕೆ ನೆಲದ ಹಸಿ ಸಿಗದೆ ಸಾಯುತ್ತದೆ. ಆಗ ಉಳಿಯುವ ಪ್ರಶ್ನೆ ಒಂದೇ, ತಿಂದು ಬಿಟ್ಟದ್ದು ಎಷ್ಟು? ದಬ್ಬಣ ಚುಚ್ಚಿ. ಗಟ್ಟಿ ಮರದಲ್ಲಿ ತುದಿ ಮಾತ್ರ ಇಳಿಯುತ್ತದೆ. ತಿಂದ ಮರದಲ್ಲಿ ಸಿಪ್ಪೆ ಒಡೆದು ಸರಕ್ಕನೆ ಒಳಗೆ ಹೋಗುತ್ತದೆ. ಬೆರಳಿನಿಂದ ಬಡಿದರೆ ಟೊಳ್ಳು ಸದ್ದು. ಕಾಲಿನ ತುದಿ ಎರಡು ಬೆರಳಿನಷ್ಟು ಹೋಗಿದ್ದರೆ ಕತ್ತರಿಸಿ ಬೇರೆ ತುಂಡು ಕೂರಿಸಬಹುದು. ಕಾಲು ಚೌಕಟ್ಟಿಗೆ ಸೇರುವ ಮೇಲಿನ ಭಾಗವೇ ಟೊಳ್ಳಾಗಿದ್ದರೆ ಬಿಟ್ಟುಬಿಡಿ.

ಕುಟ್ಟೆ ಹಾಗಲ್ಲ. ಅದರ ಮರಿ ಮರದ ಒಳಗೇ ಬೆಳೆಯುತ್ತದೆ, ಸಾಮಾನಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ. ಹೊರಗೆ ಕಾಣುವುದು ಗುಂಡುಸೂಜಿ ತಲೆಯಷ್ಟು ಗುಂಡನೆ ತೂತುಗಳು. ಆ ತೂತು ಹುಳ ಬೆಳೆದು ಹೊರಗೆ ಹೋದ ಬಾಗಿಲು. ಹಾಗಾಗಿ ತೂತು ಇದೆ ಎಂದ ಮಾತ್ರಕ್ಕೆ ಈಗಲೂ ಹುಳ ಇದೆ ಎಂದಲ್ಲ. ತೂತಿನ ಒಳಗೆ ಕಪ್ಪಾಗಿ ಧೂಳು ತುಂಬಿದ್ದರೆ ಹಳೆಯದು. ಒಳಗೆ ಹೊಸ ಮರದ ತಿಳಿ ಬಣ್ಣ ಕಂಡರೆ, ಕೆಳಗೆ ಹಿಟ್ಟಿನಂಥ ನುಣ್ಣನೆ ಪುಡಿ ಬಿದ್ದಿದ್ದರೆ, ಹುಳ ಇನ್ನೂ ಕೆಲಸದಲ್ಲಿದೆ.

ತೇಗದ ಒಳಗಿನ ಗಟ್ಟಿ ಭಾಗವಾದ ಚೇಗನ್ನು ಈ ಹುಳ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊರಗಿನ ಬಿಳಿ ಭಾಗ ಅದಕ್ಕೆ ಊಟ. ಅದಕ್ಕೇ ಎಳೆ ಮರದಿಂದ ಮಾಡಿದ, ಬಿಳಿ ಪಟ್ಟೆ ಜಾಸ್ತಿ ಇರುವ ತೇಗದ ಸಾಮಾನಿಗೂ ಕುಟ್ಟೆ ಬೀಳುತ್ತದೆ. ತೇಗ ಅಂದಮೇಲೆ ಹುಳ ಬರುವುದಿಲ್ಲ ಎಂದು ಹೇಳಿದರೆ ಬಿಳಿ ಪಟ್ಟೆ ಎಲ್ಲಿದೆ ನೋಡಿ.

ನಮ್ಮ ಮೇಜಿನಲ್ಲಿ ತೂತು ಇದ್ದದ್ದು ಡ್ರಾಯರ್‌ನ ಬಿಳಿ ಹಲಗೆಗಳಲ್ಲಿ ಮಾತ್ರ, ಕೆಳಗೆ ಪುಡಿಯೂ ಇತ್ತು. ಚೌಕಟ್ಟಿನಲ್ಲಿ ಒಂದೂ ಇರಲಿಲ್ಲ. ಡ್ರಾಯರ್‌ನ ಹಲಗೆ ಬದಲಾಯಿಸಬಹುದು, ಚೌಕಟ್ಟನ್ನು ಬದಲಾಯಿಸಿದರೆ ಹೊಸ ಮೇಜೇ ಮಾಡಿಸಿದಂತೆ. ಹುಳ ಇರುವುದು ಬದಲಾಯಿಸಬಹುದಾದ ಭಾಗದಲ್ಲೋ ಮೂಳೆಯಲ್ಲೋ ಎಂದು ನೋಡಿ ನಿರ್ಧರಿಸಿ.

ಮಂಚ ಕೊಳ್ಳುವವರು ಇನ್ನೊಂದನ್ನೂ ನೋಡಿ. ಜಾಯಿಂಟಿನ ಸಂದಿಯಲ್ಲಿ ಪೆನ್ನಿನ ಚುಕ್ಕೆಯಂಥ ಕಪ್ಪು ಕಲೆ ಇದ್ದರೆ ತಿಗಣೆ. ಕಬ್ಬಿಣದ ಮಂಚವಾದರೆ ಕುದಿಯುವ ನೀರು ಸುರಿದು ತೊಳೆಯಬಹುದು. ಮರದ್ದಾದರೆ ನಾನಂತೂ ತರುವುದಿಲ್ಲ.

ಅಲುಗಾಡಿಸಿ ನೋಡಿ

ಮೇಜಿನ ಎದುರುಬದುರು ಮೂಲೆಗಳನ್ನು ಹಿಡಿದು ಓರೆಯಾಗಿ ತಳ್ಳಿ. ಅಲುಗಾಡಿದರೆ ಗಾಬರಿ ಬೇಡ. ಹಳೇ ಸಾಮಾನಿನಲ್ಲಿ ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಅಂಟು ಹಾಕಿರುತ್ತಾರೆ. ಮೂವತ್ತು ವರ್ಷಕ್ಕೆ ಅಂಟು ಸತ್ತಿರುತ್ತದೆ, ಮರ ಸತ್ತಿರುವುದಿಲ್ಲ. ಬಿಚ್ಚಿ, ಹಳೇ ಅಂಟನ್ನು ಪೂರ್ತಿ ಕೆರೆದು, ಫೆವಿಕಾಲ್ ಹಾಕಿ, ಸುತ್ತ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ಸಿಕ್ಕಿಸಿ ತಿರುಚಿ ಬಿಗಿದು ಒಂದು ದಿನ ಬಿಟ್ಟರೆ ಮತ್ತೆ ಗಟ್ಟಿ. ಹಳೇ ಅಂಟಿನ ಮೇಲೆಯೇ ಹೊಸದು ಸುರಿದರೆ ಮಾತ್ರ ಹಿಡಿಯುವುದಿಲ್ಲ. ಅಂಟು ಮರಕ್ಕೆ ಇಳಿಯಬೇಕು.

ಹೆದರಬೇಕಾದ್ದು ಮೊಳೆಗೆ. ಅಲುಗಾಡುತ್ತದೆ ಎಂದು ಯಾರೋ ಜಾಯಿಂಟಿಗೆ ನಾಲ್ಕು ಮೊಳೆ ಬಡಿದಿದ್ದರೆ ಅದನ್ನು ಬಿಚ್ಚುವಾಗ ಒಳಗಿನ ತುದಿ ಸೀಳಬಹುದು. ಒಳಗಿನ ತುದಿ ಮುರಿದರೆ ಬೇರೆ ಮರದ ನಾಲಿಗೆ ಮಾಡಿ ಕೂರಿಸಬೇಕು. ಒಂದೊಂದು ಜಾಯಿಂಟಿಗೆ ಅರ್ಧ ದಿನದ ಕೆಲಸ. ಕುರ್ಚಿಯಲ್ಲಿ ಎಂಟು, ಹತ್ತು ಜಾಯಿಂಟ್ ಇರುತ್ತವೆ, ಮೈಭಾರವೆಲ್ಲ ಅವುಗಳ ಮೇಲೆ. ವಿದ್ಯಾನಗರದ ಕುರ್ಚಿಗಳನ್ನು ಬಿಟ್ಟು ಬಂದದ್ದು ಇದಕ್ಕೇ. ಬೆತ್ತ ಹರಿದದ್ದು ದೊಡ್ಡ ವಿಷಯವಾಗಿರಲಿಲ್ಲ, ಹೆಣೆಯುವವರು ಸಿಕ್ಕಿದರೆ ಆಗುತ್ತಿತ್ತು. ಆದರೆ ಹಿಂಗಾಲಿನ ನಾಲ್ಕೂ ಜಾಯಿಂಟಿಗೆ ಮೊಳೆ ಬಡಿದಿದ್ದರು. ಒಂದು ಕಡೆ ಮರ ಆಗಲೇ ಸೀಳಿತ್ತು.

ದಿನ ಎಣಿಸಿ, ಆಮೇಲೆ ಬೆಲೆ ಕೇಳಿ

ಸಾಮಾನಿಗಿಂತ ಕೂಲಿ ದುಬಾರಿ. ಬಣ್ಣ, ಪಾಲಿಶ್, ಉಜ್ಜುವ ಉಪ್ಪುಕಾಗದ ಎಲ್ಲ ಸೇರಿದರೂ ಸಾವಿರದ ಆಸುಪಾಸು. ಬಡಗಿಯ ಒಂದು ದಿನ ಹೆಚ್ಚಾದರೆ ಲೆಕ್ಕವೇ ತಲೆಕೆಳಗು. ಹಾಗಾಗಿ ನಾನು ಎಣಿಸುವುದು ಆಚಾರ್ರ ದಿನ ಎಷ್ಟು, ನನ್ನ ಭಾನುವಾರ ಎಷ್ಟು ಎಂದು.

ಮೇಜಿಗೆ ಆಚಾರ್ರು ಒಂದು ದಿನ ಎಂದರು. ಎರಡು ಜಾಯಿಂಟ್ ಬಿಚ್ಚಿ ಅಂಟಿಸುವುದು, ಡ್ರಾಯರ್‌ಗೆ ಹೊಸ ಹಲಗೆ. ಅವರ ಕೂಲಿ ಸಾವಿರ, ಹಲಗೆಗೆ ನಾನೂರು. ಸಾಗಿಸಲು ಲಗೇಜ್ ಆಟೋ ನಾನೂರು. ಬಣ್ಣ, ಪಾಲಿಶ್, ಹಳೇ ಬಣ್ಣ ಕೀಳುವ ರಿಮೂವರ್‌ಗೆ ಸಾವಿರದ ಇನ್ನೂರು ಇಟ್ಟುಕೊಂಡೆ. ಅಲ್ಲಿಗೆ ಮೂರು ಸಾವಿರ. ಇದೇ ಅಳತೆಯ ಮೇಜನ್ನು ಇದೇ ತರಹ ತೇಗದ ಚೌಕಟ್ಟು, ಪ್ಲೈವುಡ್ ಹಲಗೆ ಹಾಕಿ ಹೊಸದಾಗಿ ಮಾಡಿಕೊಡಲು ಎಷ್ಟು ಎಂದು ಅಲ್ಲೇ ಕೇಳಿದೆ. ಹನ್ನೆರಡು ಸಾವಿರ ಎಂದರು.

ನನ್ನ ಕಟ್ಟಳೆ ಇದು: ಕೊಂಡ ಬೆಲೆ, ಸಾಗಣೆ, ರಿಪೇರಿ ಎಲ್ಲ ಸೇರಿ ಹೊಸದರ ಅರ್ಧ ದಾಟಬಾರದು. ಏಕೆಂದರೆ ಬಿಚ್ಚಿದ ಮೇಲೆ ಏನಾದರೂ ಒಂದು ಹೊಸ ಖರ್ಚು ಬಂದೇ ಬರುತ್ತದೆ. ಹನ್ನೆರಡರ ಅರ್ಧ ಆರು, ಅದರಲ್ಲಿ ಮೂರು ರಿಪೇರಿಗೆ. ಅಂದರೆ ಅವರು ಕೇಳಿದ ಮೂರು ಸಾವಿರ ಕೊಟ್ಟರೂ ಗಡಿಯೊಳಗೇ ಇತ್ತು. ಆದರೂ ಡ್ರಾಯರ್ ಕೆಳಗಿನ ಪುಡಿಯನ್ನು ಕೈಯಲ್ಲಿ ಹಿಡಿದು ತೋರಿಸಿದೆ. "ನಮಗೆ ಇಷ್ಟು ದಿನ ಕಂಡೇ ಇಲ್ಲ ನೋಡ್ರಿ" ಎಂದರು ಆ ಮನೆಯಮ್ಮ. ಎರಡು ಸಾವಿರಕ್ಕೆ ಒಪ್ಪಿದರು. ಚೌಕಾಶಿ ಮಾಡುವಾಗ ಚೆನ್ನಾಗಿಲ್ಲ ಅನ್ನಬೇಡಿ, ಅವರಿಗೂ ಬೇಜಾರು. ಕೆಲಸ ಎಲ್ಲಿದೆ ಎಂದು ತೋರಿಸಿದರೆ ಸಾಕು.

ಕಬ್ಬಿಣದ ಬೀರುವಿನ ಲೆಕ್ಕ ಚಿಕ್ಕದು. ತಳ ಮತ್ತು ಬೆನ್ನಿನ ಕೆಳಗಿನ ಅಂಚನ್ನು ದಬ್ಬಣದಿಂದ ಕೆರೆಯಿರಿ. ತುಕ್ಕು ಮೇಲ್ಮೈಯಲ್ಲೇ ಇದ್ದು ಕೆಳಗೆ ತಗಡು ಗಟ್ಟಿ ಇದ್ದರೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಎನಾಮೆಲ್ ಬಳಿಯಬಹುದು. ದಬ್ಬಣ ತೂತು ಹೊಡೆದು ಆಚೆ ಬಂದರೆ ಬೇಡ. ಬೀಗವನ್ನು ಅದರ ಕೀಲಿಯಿಂದಲೇ ಒಮ್ಮೆ ತೆಗೆದು, ಮತ್ತೆ ಹಾಕಿ ನೋಡಿ.

ಪಾಲಿಶಾ, ಬಣ್ಣವಾ?

ಮನೆಗೆ ತಂದ ಕೂಡಲೇ ಕೆಲಸಕ್ಕೆ ಕೂರಬೇಡಿ. ಮಲೆನಾಡಿನ ಕಡೆಯಿಂದ ಬಂದ ಸಾಮಾನು ನಮ್ಮ ಒಣ ಹವೆಯಲ್ಲಿ ಕುಗ್ಗುತ್ತದೆ, ಹಲಗೆಗಳ ನಡುವೆ ಸಂದಿ ಬಿಡುತ್ತದೆ. ಎರಡು, ಮೂರು ವಾರ ನೆರಳಲ್ಲಿ ಹಾಗೇ ಬಿಡಿ. ಬಿಡುವ ಸಂದಿ ಬಿಡಲಿ, ಆಮೇಲೆ ತುಂಬಿದರೆ ಆಯಿತು. ಹುಳದ ಅನುಮಾನ ಇದ್ದರೆ ಕೆಳಗೆ ಕಪ್ಪು ಕಾಗದ ಹಾಸಿ, ಹೊಸ ಪುಡಿ ಬಿದ್ದರೆ ಅದರ ಮೇಲೆ ಕಾಣುತ್ತದೆ.

ಈ ಬಿಡುವಿನಲ್ಲಿ ಎರಡು ಪರೀಕ್ಷೆ ಮಾಡಿ. ಪಾಲಿಶ್ ಇರುವ ಸಾಮಾನಾದರೆ ಹತ್ತಿಗೆ ಸ್ಪಿರಿಟ್ ಹಾಕಿ ಕಾಣದ ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಫ್ರೆಂಚ್ ಪಾಲಿಶ್. ನಿಮ್ಮ ಅದೃಷ್ಟ. ಅದನ್ನು ಪೂರ್ತಿ ಕೀಳುವ ಅಗತ್ಯವೇ ಇಲ್ಲ. ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಜಿಡ್ಡು ಒರೆಸಿ, ನುಣ್ಣನೆ ಉಪ್ಪುಕಾಗದದಲ್ಲಿ ಒಮ್ಮೆ ಸವರಿ, ಅದರ ಮೇಲೇ ಹೊಸ ಪಾಲಿಶ್ ಹಚ್ಚಬಹುದು, ಹಳೆಯದರ ಜೊತೆ ಬೆರೆಯುತ್ತದೆ. ಎಷ್ಟೋ ಸಲ ಕಪ್ಪಾಗಿ ಕಾಣುವುದು ಮೂವತ್ತು ವರ್ಷದ ಕೈಜಿಡ್ಡು ಅಷ್ಟೇ. ಸ್ಪಿರಿಟ್‌ಗೆ ಜಗ್ಗದಿದ್ದರೆ ಅದು ಬೇರೆ ವಾರ್ನಿಶ್, ಮೆಲಮೈನ್ ಅಥವಾ ಪಿಯು. ಅದನ್ನು ಉಜ್ಜಿಯೇ ತೆಗೆಯಬೇಕು, ಒಂದು ದಿನ ಸೇರಿಸಿಕೊಳ್ಳಿ.

ಬಣ್ಣ ಇರುವ ಸಾಮಾನಾದರೆ ಬ್ಲೇಡಿನಿಂದ ಉದ್ದಕ್ಕೆ ಐದಾರು, ಅಡ್ಡಕ್ಕೆ ಐದಾರು ಗೀರು ಹಾಕಿ ಚಿಕ್ಕ ಚಿಕ್ಕ ಚೌಕ ಮಾಡಿ. ಮೇಲೆ ಸೆಲ್ಲೋ ಟೇಪು ಗಟ್ಟಿಯಾಗಿ ಒತ್ತಿ ಸರ್ರನೆ ಕಿತ್ತು ನೋಡಿ. ಚೌಕಗಳು ಟೇಪಿನ ಜೊತೆ ಎದ್ದು ಬಂದರೆ ಆ ಬಣ್ಣದ ಮೇಲೆ ಏನು ಬಳಿದರೂ ಅದರ ಜೊತೆಗೇ ಏಳುತ್ತದೆ, ಕೀಳಲೇಬೇಕು. ಒಂದೂ ಬರದಿದ್ದರೆ ಹಳೇ ಬಣ್ಣವೇ ನಿಮಗೆ ಒಳ್ಳೆಯ ಬುನಾದಿ. ಹೊಳಪು ಹೋಗುವಷ್ಟು ಉಜ್ಜಿ ಮೇಲೆ ಬಳಿದರೆ ಸಾಕು.

ಪಾಲಿಶ್ ಮರವನ್ನು ತೋರಿಸುತ್ತದೆ, ಬಣ್ಣ ಮುಚ್ಚುತ್ತದೆ. ತೇಗ, ಬೀಟೆ, ಹೊನ್ನೆ, ಹಲಸಿನಂಥ ಗಟ್ಟಿ ಮರ ಆಗಿದ್ದು, ತೇಪೆ ಕಡಿಮೆ ಇದ್ದರೆ ಪಾಲಿಶ್. ಪ್ಲೈವುಡ್, ಬೆರಕೆ ಮರ, ಪುಟ್ಟಿ ತುಂಬಿದ ಜಾಗ ಜಾಸ್ತಿ ಇದ್ದರೆ ಬಣ್ಣ. ಬೀಟೆಗೆ ಎನಾಮೆಲ್ ಬಳಿಯುವವರನ್ನು ನೋಡಿದ್ದೇನೆ, ಮಾತಾಡದೆ ಬಂದಿದ್ದೇನೆ. ಸನ್ಮೈಕ ಅಂಟಿಸಿದ ಹಲಗೆಗೆ ಎರಡೂ ಬೇಡ. ಎದ್ದ ಮೂಲೆ ಅಂಟಿಸಿ, ಇಲ್ಲವೇ ಹೊಸ ಹಾಳೆ ಹಾಕಿಸಿ.

ನಮ್ಮ ಮೇಜಿನ ಮೇಲ್ಹಲಗೆಯಲ್ಲಿ ಟೇಪಿಗೆ ಒಂದು ಚೌಕವೂ ಬರಲಿಲ್ಲ, ಒಳಗಿದ್ದದ್ದು ಪ್ಲೈವುಡ್. ಅದಕ್ಕೆ ಬಣ್ಣ ಎಂದು ತೀರ್ಮಾನ. ಕಾಲು ಮತ್ತು ಡ್ರಾಯರ್ ಮುಖ ತೇಗ, ಅದಕ್ಕೆ ಪಾಲಿಶ್. ಒಂದೇ ಮೇಜಿಗೆ ಎರಡು ಬಗೆ ಎಂದು ಮನೆಯಲ್ಲಿ ನಕ್ಕರು. ಈಗ ಅದೇ ಚಂದ ಅನ್ನುತ್ತಾರೆ.

ಕೆಲಸ

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ದಾಟಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರಲ್ಲಿ. ಅದಕ್ಕಿಂತ ಹಳೇ ಎನಾಮೆಲನ್ನು ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬೇಡಿ, ಮೆಷಿನ್ ಹಾಕುವುದಂತೂ ಬೇಡವೇ ಬೇಡ. ನೀರಿನಲ್ಲಿ ಉಜ್ಜುವ ವಾಟರ್ ಪೇಪರ್ ತನ್ನಿ, ಒದ್ದೆ ಮಾಡಿಕೊಂಡೇ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ. ಸಿಪ್ಪೆ, ಕೆಸರು ಎಲ್ಲ ಪೇಪರ್‌ನಲ್ಲಿ ಸುತ್ತಿ ಬಿಸಾಡಿ. ಮಕ್ಕಳು, ಬಸುರಿಯರು ಹತ್ತಿರ ಇರಬಾರದು.

ಮೊದಲು ಡ್ರಾಯರ್‌ನ ಹುಳುಕು ಹಲಗೆ ತೆಗೆಸಿ ಮನೆಯಿಂದ ದೂರ ಸುಟ್ಟೆವು. ಹುಳ ಇರುವ ಭಾಗವನ್ನು ಉಳಿಸಿಕೊಳ್ಳಲೇಬೇಕಾದರೆ ಪೇಂಟ್ ಅಂಗಡಿಯ ಮರದ ಹುಳದ ಔಷಧಿಯನ್ನು ಸಿರಿಂಜಿನಿಂದ ಒಂದೊಂದು ತೂತಿಗೂ ಹಾಕಿ, ಬಣ್ಣ ಇಲ್ಲದ ಮೈಗೆ ಬ್ರಷ್‌ನಲ್ಲಿ ಹಚ್ಚಿ, ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿ, ಆಮೇಲೆ ತೂತಿಗೆ ಮೇಣ ತುಂಬಿ. ಬಣ್ಣದ ಮೇಲೆ ಹಚ್ಚಿದರೆ ಔಷಧಿ ಒಳಗೆ ಇಳಿಯುವುದಿಲ್ಲ. ಕೈಗವಸು ಹಾಕಿಕೊಂಡು, ಹೊರಗೇ ಮಾಡಿ.

ಕಾಲುಗಳ ಬಣ್ಣ ತೆಗೆಯಲು ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ ಕಾಲು ಗಂಟೆ ಬಿಟ್ಟೆ. ಬಣ್ಣ ಸುಕ್ಕುಗಟ್ಟಿ ಎದ್ದಿತು. ಪುಟ್ಟಿ ಹಚ್ಚುವ ಬ್ಲೇಡಿನಿಂದ ಮರದ ಗೆರೆಯ ದಿಕ್ಕಿನಲ್ಲೇ ಕೆರೆದೆ. ಹಸಿರಿನ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಗುಲಾಬಿ ಪ್ರೈಮರ್, ಹಾಗಾಗಿ ಎರಡು ಸಲ ಹಚ್ಚಬೇಕಾಯಿತು. ಕಡೆದ ಕಾಲಿನ ಉಂಗುರದ ಸಂದಿಗೆ ಬ್ಲೇಡು ಹೋಗುವುದಿಲ್ಲ. ಅಲ್ಲಿ ಗೋಣಿ ಹುರಿಯನ್ನು ಸುತ್ತಿ ಅತ್ತಿತ್ತ ಎಳೆದರೆ ಬಣ್ಣವೆಲ್ಲ ಬರುತ್ತದೆ. ರಿಮೂವರ್ ಚರ್ಮಕ್ಕೆ ತಾಗಿದರೆ ಉರಿ, ವಾಸನೆಗೆ ತಲೆ ಸುತ್ತುತ್ತದೆ. ಅಂಗಳದಲ್ಲೇ ಮಾಡಿ. ಕಾಸ್ಟಿಕ್ ಸೋಡಾ ಅಗ್ಗ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೇಗ ಕಪ್ಪಾಗುತ್ತದೆ, ಜಾಯಿಂಟಿನ ಅಂಟೂ ಬಿಡುತ್ತದೆ.

ಬಣ್ಣ ಹೋದ ಮೇಲೆ ಥಿನ್ನರ್‌ನಲ್ಲಿ ಒರೆಸಿ. ರಿಮೂವರ್‌ನ ಮೇಣವೂ ತೇಗದ ಎಣ್ಣೆಯೂ ಹೋಗಬೇಕು, ಇಲ್ಲದಿದ್ದರೆ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ 120, 180, 220 ನಂಬರಿನ ಕಾಗದದಲ್ಲಿ ಇದೇ ಕ್ರಮದಲ್ಲಿ ಉಜ್ಜಿ. ನಡುವಿನ ನಂಬರ್ ಬಿಟ್ಟರೆ ಮೊದಲಿನ ಕಾಗದದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ.

ನಾನು ಎಡವಿದ್ದು ಪಾಲಿಶ್‌ನಲ್ಲಿ. ಹಳೇ ಬನಿಯನ್ ಬಟ್ಟೆಯೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಅರಗಿನ ಪಾಲಿಶ್ ಅದ್ದಿ ತೆಳ್ಳಗೆ ಸವರುತ್ತಾ ಹೋದೆ. ಅದು ಜುಲೈ, ಜಿಟಿಜಿಟಿ ಮಳೆ. ಮೂರನೇ ಕೈಗೆ ಕಾಲುಗಳ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಂಜು ಬಂತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪಿರಿಟ್ ಆರುವ ಹೊತ್ತಿಗೆ ನೀರಿನ ಅಂಶ ಪಾಲಿಶ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಈ ಬಿಳುಪು. ಪುಣ್ಯಕ್ಕೆ ಅದು ವಾಸಿಯಾಗುವ ಕಾಯಿಲೆ. ಒಣ ಬಿಸಿಲಿನ ದಿನ ಕಾದು, ಉಂಡೆಗೆ ಬರೀ ಸ್ಪಿರಿಟ್ ಸ್ವಲ್ಪ ಹಾಕಿ ಹಗುರವಾಗಿ ಸವರಿದೆ, ಬಿಳುಪು ಹೋಯಿತು. ಆಮೇಲೆ ಐದು ಕೈ ಹಚ್ಚಿದೆ, ಒಂದೊಂದರ ನಡುವೆ ಒಂದು ಗಂಟೆ. ಮಾರನೇ ದಿನ 320ರ ಕಾಗದದಲ್ಲಿ ಹಗುರವಾಗಿ ಸವರಿ ಕೊನೆಯ ಎರಡು ಕೈ.

ಅರಗಿನ ಪಾಲಿಶ್ ಕಾಲಿಗೆ, ಡ್ರಾಯರ್‌ಗೆ ಸರಿ. ಊಟದ ಟೇಬಲ್ಲಿನ ಮೇಲ್ಮೈಗೆ ಬೇಡ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಅಂಥ ಜಾಗಕ್ಕೆ ಪಾಲಿಶ್ ಕೆಲಸದವರಿಂದ ಮೆಲಮೈನ್ ಅಥವಾ ಪಿಯು ಹೊಡೆಸಿ.

ಮೇಲ್ಹಲಗೆಯ ಕೆಲಸ ಸುಲಭವಿತ್ತು. ಸೋಪು ನೀರಲ್ಲಿ ತೊಳೆದು, ವಾಟರ್ ಪೇಪರ್‌ನಲ್ಲಿ ಹೊಳಪು ಸಾಯುವ ತನಕ ಉಜ್ಜಿ, ಗುಳಿಗಳಿಗೆ ಪುಟ್ಟಿ ತುಂಬಿ, ಪುಟ್ಟಿ ಇದ್ದ ಜಾಗಕ್ಕೆ ಮಾತ್ರ ಪ್ರೈಮರ್ ಹಚ್ಚಿ, ಎರಡು ತೆಳು ಕೈ ಎನಾಮೆಲ್, ನಡುವೆ ಒಂದು ರಾತ್ರಿ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಆಷಾಢದ ಗಾಳಿಯಲ್ಲಿ ಬಳಿಯಬೇಡಿ. ಚಿತ್ರದುರ್ಗದಲ್ಲಿ ನಮ್ಮ ತಂಗಿ ಮನೆಯ ಟೀಪಾಯಿಗೆ ಮಹಡಿ ಮೇಲೆ ಬಣ್ಣ ಬಳಿದು, ಸಂಜೆ ಹೊತ್ತಿಗೆ ಅದು ಉಪ್ಪುಕಾಗದದಂತೆ ಆಗಿತ್ತು. ಗಾಳಿ ಏಳುವ ಮೊದಲು, ಬೆಳಗ್ಗೆ ಬಾಗಿಲು ಮುಂದೆ ಮಾಡಿದ ಒಳಗಿನ ಜಾಗದಲ್ಲಿ, ಕಿಟಕಿ ಮಾತ್ರ ತೆರೆದು ಬಳಿಯಿರಿ.

ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಎನಾಮೆಲ್ ಗಟ್ಟಿಯಾಗಿದೆ ಎಂದಲ್ಲ. ನಾನು ಹತ್ತು ದಿನ ಅದರ ಮೇಲೆ ಏನೂ ಇಡಲಿಲ್ಲ. ಮೂರನೇ ದಿನಕ್ಕೆ ದಿನಪತ್ರಿಕೆ ಇಟ್ಟರೆ ಅಕ್ಷರ ಮೇಜಿನ ಮೇಲೆ ಅಚ್ಚಾಗುತ್ತದೆ.

ಕೊನೆಗೆ ಲೆಕ್ಕ ಐದು ಸಾವಿರದ ಇನ್ನೂರಕ್ಕೆ ನಿಂತಿತು. ಅಂದುಕೊಂಡದ್ದಕ್ಕಿಂತ ಇನ್ನೂರು ಜಾಸ್ತಿ, ಎರಡನೇ ಸಲ ತಂದ ಪಾಲಿಶ್‌ಗೆ. ನನ್ನ ನಾಲ್ಕು ಭಾನುವಾರ ಬೇರೆ. ಮಳೆಗಾಲದಲ್ಲಿ ಒಂದು ಡ್ರಾಯರ್ ಬಿಗಿಯಾಯಿತು. ಆಚಾರ್ರನ್ನು ಕರೆದು ಕೀಸುಳಿ ಹೊಡೆಸೋಣ ಎಂದುಕೊಂಡೆ, ಅವರೇ ಬೇಡ ಎಂದರು. ಈಗ ಕೀಸಿದರೆ ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತದೆ. ಓಡುವ ಪಟ್ಟಿಗೆ ಮೇಣದ ಬತ್ತಿ ಉಜ್ಜಿದೆ, ಸರಾಗವಾಯಿತು. ಮೇಜಿನ ಕೆಳಗೆ ಕಪ್ಪು ಕಾಗದ ಇನ್ನೂ ಹಾಸಿದೆ. ಕುಟ್ಟೆ ಮರಿ ಮರದೊಳಗೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದಲ್ಲ, ಒಂದು ವರ್ಷವಾದರೂ ನೋಡಬೇಕು. ಮೊನ್ನೆ ಯುಗಾದಿಗೆ ಕಸ ಹೊಡೆಯುವಾಗ ನೋಡಿದೆ. ಧೂಳು ಇತ್ತು, ಪುಡಿ ಇರಲಿಲ್ಲ.